ಅಡವಿಟ್ಟ ಷೇರಿಗೂ ಮತವಿದೆ

2021ರ ಡಿಸೆಂಬರ್ 30ರಂದು ಡಿಶ್ ಟಿವಿ ಕಂಪನಿಯ ವಾರ್ಷಿಕ ಮಹಾಸಭೆ ನಡೆಯಿತು. ಮತಕ್ಕೆ ಬಂದದ್ದು ಮೂರೇ ವಿಷಯ: ವರ್ಷದ ಲೆಕ್ಕಪತ್ರಕ್ಕೆ ಒಪ್ಪಿಗೆ, ನಿರ್ದೇಶಕ ಅಶೋಕ್ ಕುರಿಯನ್ ಅವರ ಮರುನೇಮಕ, ವೆಚ್ಚ ಲೆಕ್ಕಪರಿಶೋಧಕರ ಸಂಭಾವನೆ. ಇಂಥವು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದೆ ಪಾಸಾಗುತ್ತವೆ. ಮತ ಎಣಿಕೆಯ ಫಲಿತಾಂಶವನ್ನು ಸಭೆ ಮುಗಿದ ಎರಡು ಕೆಲಸದ ದಿನಗಳಲ್ಲಿ ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಬೇಕೆಂಬುದು ನಿಯಮ. ಡಿಶ್ ಟಿವಿ ಮಾತ್ರ ವಿಷಯ ನ್ಯಾಯಾಲಯದಲ್ಲಿದೆ ಎಂದು ಹೇಳಿ ಫಲಿತಾಂಶವನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಬಚ್ಚಿಟ್ಟುಕೊಂಡಿತು. 2022ರ ಮಾರ್ಚ್‌ನಲ್ಲಿ ಸೆಬಿ ಗಡುವು ಕೊಟ್ಟು ಆದೇಶಿಸಿದ ಮೇಲೆ ಲಕೋಟೆ ತೆರೆಯಿತು. ಮೂರಕ್ಕೆ ಮೂರೂ ಬಿದ್ದುಹೋಗಿದ್ದವು. ಕಂಪನಿಯ ಲೆಕ್ಕಪತ್ರವನ್ನೇ ಷೇರುದಾರರು ಒಪ್ಪದಿರುವುದು ನಮ್ಮಲ್ಲಿ ತೀರಾ ಅಪರೂಪ.

ಆ ಸಭೆಯಲ್ಲಿ ಎಲ್ಲರಿಗಿಂತ ದೊಡ್ಡ ಷೇರುದಾರ ಯೆಸ್ ಬ್ಯಾಂಕ್. ಅದರ ಕೈಯಲ್ಲಿ ಶೇ 25.63ರಷ್ಟು ಷೇರು. ಕಂಪನಿಯನ್ನು ಕಟ್ಟಿ ಬೆಳೆಸಿದ ಎಸೆಲ್ ಸಮೂಹದ ಪ್ರವರ್ತಕರ ಬಳಿ ಉಳಿದಿದ್ದು ಶೇ 6ರಷ್ಟು. ಕೆಲವೇ ವರ್ಷಗಳ ಹಿಂದೆ ಇದೇ ಪ್ರವರ್ತಕರ ಬಳಿ ಅರ್ಧಕ್ಕಿಂತ ಹೆಚ್ಚು ಷೇರು ಇತ್ತು. ಯೆಸ್ ಬ್ಯಾಂಕ್ ಈ ಪಾಲನ್ನು ಷೇರುಪೇಟೆಗೆ ಹೋಗಿ ಕೊಂಡದ್ದಲ್ಲ. ಸಾಲಕ್ಕೆ ಅಡವಿಟ್ಟಿದ್ದ ಷೇರುಗಳು ಅದರ ಹೆಸರಿಗೆ ಬಂದಿದ್ದವು, ಅಷ್ಟೇ.

ಚಿನ್ನ ಅಡವಿಟ್ಟು ಸಾಲ ಪಡೆಯುವುದು ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತಿರುವ ವ್ಯವಹಾರ. ಸರ ಬ್ಯಾಂಕಿನ ತಿಜೋರಿಯಲ್ಲಿರುತ್ತದೆ. ಕಟ್ಟಿದರೆ ವಾಪಸ್, ಕಟ್ಟದಿದ್ದರೆ ಹರಾಜು. ಷೇರಿನ ಅಡವು ಮೇಲ್ನೋಟಕ್ಕೆ ಅದೇ ತರಹ. ಒಂದು ವ್ಯತ್ಯಾಸವಿದೆ, ಅದೇ ಈ ಕಥೆಯ ತಿರುಳು: ಸರಕ್ಕೆ ಮತದಾನದ ಹಕ್ಕಿಲ್ಲ. ಷೇರಿಗಿದೆ. ಷೇರು ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಅವರು ನಿರ್ದೇಶಕರನ್ನು ಆರಿಸಬಲ್ಲರು, ಇಳಿಸಬಲ್ಲರು. ಹಾಗಾಗಿ ಪ್ರವರ್ತಕನೊಬ್ಬ ಷೇರು ಅಡವಿಟ್ಟಾಗ ಅವನು ಒಂದು ಆಸ್ತಿಯನ್ನಷ್ಟೇ ಅಲ್ಲ, ಕುಳಿತಿರುವ ಕುರ್ಚಿಯನ್ನೂ ಜೊತೆಗೇ ಒತ್ತೆ ಇಟ್ಟಿರುತ್ತಾನೆ.

ಅಡವು ಇಡುವ ಕ್ರಮ ಸರಳ. ಪಟ್ಟಿಯಾದ ಕಂಪನಿಯ ಪ್ರವರ್ತಕರ ಷೇರುಗಳು ಈಗ ಕಾಗದದಲ್ಲಿರುವುದಿಲ್ಲ, ಡಿಮ್ಯಾಟ್ ಖಾತೆಯಲ್ಲಿರುತ್ತವೆ. ಪ್ರವರ್ತಕ ತನ್ನ ಡಿಪಾಸಿಟರಿ ಪಾರ್ಟಿಸಿಪೆಂಟ್‌ಗೆ, ಅಂದರೆ ಆ ಖಾತೆ ನೋಡಿಕೊಳ್ಳುವ ಬ್ರೋಕರ್ ಅಥವಾ ಬ್ಯಾಂಕಿಗೆ, ಇಂತಿಷ್ಟು ಷೇರಿನ ಮೇಲೆ ಇಂಥವರ ಪರ ಅಡವು ಬರೆಯಿರಿ ಎಂದು ಅರ್ಜಿ ಕೊಡುತ್ತಾನೆ. ಸಾಲದಾತ ಒಪ್ಪುತ್ತಾನೆ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಡಿಪಾಸಿಟರಿಯ ದಾಖಲೆಯಲ್ಲಿ ಆ ಷೇರಿನ ಮೇಲೆ ಗುರುತು ಬೀಳುತ್ತದೆ. ಷೇರು ಪ್ರವರ್ತಕನ ಖಾತೆಯಲ್ಲೇ ಇರುತ್ತದೆ, ಆದರೆ ಬೀಗ ಬಿದ್ದಿರುತ್ತದೆ, ಮಾರಲಾಗದು. ಲಾಭಾಂಶ ಅವನಿಗೇ ಬರುತ್ತದೆ, ಮತವೂ ಸಾಮಾನ್ಯವಾಗಿ ಅವನದೇ. ಹೊರಗಿನಿಂದ ನೋಡುವವರಿಗೆ ಏನೂ ಬದಲಾಗಿರುವುದಿಲ್ಲ.

ಬದಲಾಗುವುದು ಸಾಲ ತಪ್ಪಿದ ದಿನ. ಒಪ್ಪಂದದಲ್ಲಿ ಬರೆದ ಯಾವುದಾದರೂ ಷರತ್ತು ಮುರಿದರೆ ಸಾಲದಾತ ನೋಟಿಸು ಕೊಟ್ಟು ಅಡವನ್ನು ಚಲಾಯಿಸುತ್ತಾನೆ. ಪೇಟೆಯವರು ‘ಇನ್ವೋಕ್’ ಮಾಡಿದರು ಎನ್ನುವುದು ಇದಕ್ಕೇ. ಸಾಲದಾತ ತನ್ನ ಡಿಪಾಸಿಟರಿ ಪಾರ್ಟಿಸಿಪೆಂಟ್‌ಗೆ ಸೂಚನೆ ಕೊಟ್ಟರೆ ಸಾಕು, ಡಿಪಾಸಿಟರಿ ಷೇರುಗಳನ್ನು ಅವನ ಖಾತೆಗೆ ಸಾಗಿಸಿ ಅವನನ್ನು ಆ ಷೇರಿನ ಹೊಸ ಫಲಾನುಭವಿ ಮಾಲೀಕ ಎಂದು ದಾಖಲಿಸುತ್ತದೆ. ಪ್ರವರ್ತಕನ ಹೊಸ ಸಹಿ ಬೇಡ, ಕೋರ್ಟಿನ ಡಿಕ್ರಿ ಬೇಡ. ಕಂಪನಿಯ ಆಡಳಿತ ಮಂಡಳಿಯನ್ನು ಕೇಳಬೇಕಾದ್ದೂ ಇಲ್ಲ. 1996ರ ಡಿಪಾಸಿಟರಿ ಕಾಯ್ದೆಯ ಪ್ರಕಾರ ಷೇರಿನ ಹಕ್ಕುಗಳೆಲ್ಲ ಫಲಾನುಭವಿ ಮಾಲೀಕನಿಗೆ ಸೇರುತ್ತವೆ. ಮತದ ಹಕ್ಕೂ ಅದರಲ್ಲಿದೆ.

ಡಿಶ್ ಟಿವಿಯಲ್ಲಿ ನಡೆದದ್ದು ಇದೇ. 2020ರ ಮೇ ಕೊನೆಯಲ್ಲಿ ಯೆಸ್ ಬ್ಯಾಂಕ್ ಸುಮಾರು 44.5 ಕೋಟಿ ಷೇರು, ಅಂದರೆ ಕಂಪನಿಯ ಶೇ 24.19ರಷ್ಟು ಪಾಲು, ಅಡವಿನ ಮೂಲಕ ತನಗೆ ಬಂದಿದೆ ಎಂದು ಪ್ರಕಟಿಸಿತು. ಈ ಸಾಲ ತೆಗೆದುಕೊಂಡದ್ದು ಡಿಶ್ ಟಿವಿ ಅಲ್ಲ, ಎಸೆಲ್ ಸಮೂಹದ ಬೇರೆ ಬೇರೆ ಕಂಪನಿಗಳು ಎಂಬುದನ್ನು ಮರೆಯಬಾರದು. ಡಿಶ್ ಟಿವಿಯ ಬ್ಯಾಲೆನ್ಸ್ ಶೀಟನ್ನು ಎಷ್ಟು ತಿರುವಿ ಹಾಕಿದರೂ ಆ ಸಾಲ ಅಲ್ಲಿ ಕಾಣುತ್ತಿರಲಿಲ್ಲ. ಕಂಪನಿ ತನ್ನ ಸಾಲವನ್ನು ಸರಿಯಾಗಿ ತೀರಿಸುತ್ತಿದೆಯೇ ಎಂದಷ್ಟೇ ನೋಡುವ ಹೂಡಿಕೆದಾರ ಈ ಅಪಾಯವನ್ನು ಎಲ್ಲೂ ಓದಲಾರ. ಅದು ಕಾಣುವ ಜಾಗ ಒಂದೇ: ಪ್ರವರ್ತಕರ ಷೇರಿನ ಅಡವಿನ ಪ್ರಕಟಣೆ.

ಆ ಪ್ರಕಟಣೆ ಕಡ್ಡಾಯವಾದದ್ದು ಸತ್ಯಂ ಹಗರಣದಿಂದ. ಸತ್ಯಂ ಕಂಪ್ಯೂಟರ್ಸ್‌ನಲ್ಲಿ ರಾಮಲಿಂಗ ರಾಜು ಕುಟುಂಬದ ಪಾಲು 2008ರಲ್ಲಿ ಶೇ 8ರ ಆಸುಪಾಸಿಗೆ ಇಳಿದಿತ್ತು; ಅದರಲ್ಲಿ ಹೆಚ್ಚಿನದು ಸಾಲದಾತರ ಬಳಿ ಅಡವಾಗಿತ್ತು. ಹೂಡಿಕೆದಾರರಿಗೆ ಇದರ ಸುಳಿವಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಕುಟುಂಬದ ಮೇಟಾಸ್ ಕಂಪನಿಗಳನ್ನು ಕೊಳ್ಳುವ ಪ್ರಸ್ತಾಪ ಮುರಿದುಬಿದ್ದು ಷೇರು ಬೆಲೆ ಕುಸಿದಾಗ ಸಾಲದಾತರು ಅಡವಿನ ಷೇರುಗಳನ್ನು ಪೇಟೆಯಲ್ಲಿ ಮಾರತೊಡಗಿದರು. ಪ್ರವರ್ತಕರ ಷೇರೆಲ್ಲ ಅಡವಿನಲ್ಲಿದೆ ಎಂಬ ಸುದ್ದಿ ಹೊರಬಿದ್ದು ಕೆಲವೇ ದಿನಗಳಲ್ಲಿ, 2009ರ ಜನವರಿ 7ರಂದು, ರಾಜು ಅವರ ತಪ್ಪೊಪ್ಪಿಗೆ ಪತ್ರ ಬಂತು. ಅದೇ ತಿಂಗಳ ಕೊನೆಯಲ್ಲಿ ಸೆಬಿ ಪ್ರವರ್ತಕರ ಅಡವಿನ ಪ್ರಕಟಣೆಯನ್ನು ಕಡ್ಡಾಯ ಮಾಡಿತು.

ಈಗ ಆ ಪ್ರಕಟಣೆ ಎರಡು ಕಡೆ ಸಿಗುತ್ತದೆ. ಒಂದು, ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿ ಸಲ್ಲಿಸುವ ಷೇರುದಾರರ ವಿವರ. ಇನ್ನೊಂದು, ಅಡವು ಇಟ್ಟಾಗ, ಬಿಡಿಸಿಕೊಂಡಾಗ, ಅಥವಾ ಸಾಲದಾತ ಚಲಾಯಿಸಿದಾಗ ಸ್ವಾಧೀನ ನಿಯಮಗಳ ಪ್ರಕಾರ ಏಳು ಕೆಲಸದ ದಿನಗಳಲ್ಲಿ ಕೊಡಬೇಕಾದ ಮಾಹಿತಿ. ಡಿಪಾಸಿಟರಿಯಲ್ಲಿ ದಾಖಲಾಗುವ ಅಡವುಗಳ ಮಾಹಿತಿ ಈಗ ಬಹುಪಾಲು ತಾನಾಗಿಯೇ ವಿನಿಮಯ ಕೇಂದ್ರಕ್ಕೆ ಹೋಗುತ್ತದೆ.

ತ್ರೈಮಾಸಿಕ ಪಟ್ಟಿಯನ್ನು ಓದುವಾಗ ಬಹಳ ಜನ ಎಡವುವುದು ಒಂದೇ ಜಾಗದಲ್ಲಿ. ಅಡವಿನ ಅಂಕಣದಲ್ಲಿ ಕಾಣುವ ಶೇಕಡಾವಾರು ಪ್ರವರ್ತಕರ ಷೇರಿನ ಮೇಲಿನ ಲೆಕ್ಕ, ಇಡೀ ಕಂಪನಿಯ ಮೇಲಿನದಲ್ಲ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬೆಳೆದ ಕಾಫಿ ಡೇ ಎಂಟರ್‌ಪ್ರೈಸಸ್‌ನ 2019ರ ಮಧ್ಯದ ಪಟ್ಟಿಯನ್ನೇ ನೋಡಿ. ಪ್ರವರ್ತಕರ ಪಾಲು ಸುಮಾರು ಶೇ 54. ಅದರಲ್ಲಿ ಶೇ 76ರಷ್ಟು ಅಡವಾಗಿತ್ತು. ಎರಡನ್ನೂ ಗುಣಿಸಿದರೆ ಇಡೀ ಕಂಪನಿಯ ಶೇ 41ರಷ್ಟು ಷೇರು ಸಾಲದಾತರ ಬೀಗದ ಕೆಳಗಿತ್ತೆಂದು ತಿಳಿಯುತ್ತದೆ. ಕಾಗದದ ಮೇಲೆ ಪ್ರವರ್ತಕರಿಗೆ ಬಹುಮತವಿತ್ತು; ಅಡವೆಲ್ಲ ಚಲಾವಣೆಯಾದರೆ ಅವರಿಗೆ ಉಳಿಯುವುದು ಶೇ 13. ಕಂಪನಿ ಯಾರ ಕೈಯಲ್ಲಿದೆ ಎಂದು ಕೇಳುವವರು ನೋಡಬೇಕಾದ್ದು ಈ ಎರಡನೆಯ ಅಂಕಿಯನ್ನು. ಪಟ್ಟಿಯಲ್ಲಿ ಅದು ನೇರವಾಗಿ ಬರೆದಿರುವುದಿಲ್ಲ, ಓದುಗನೇ ಕಳೆದು ನೋಡಬೇಕು.

ಆ ಅಂಕಿ ನಿಂತಲ್ಲಿ ನಿಲ್ಲುವುದೂ ಇಲ್ಲ. ಒಂದು ಕಲ್ಪಿತ ಲೆಕ್ಕ ಹಾಕೋಣ. ಕಂಪನಿಯ ಒಟ್ಟು ಷೇರು 10 ಕೋಟಿ, ಬೆಲೆ 200 ರೂಪಾಯಿ. ಪ್ರವರ್ತಕನ ಬಳಿ 5 ಕೋಟಿ ಷೇರು. ಅದರಲ್ಲಿ 2 ಕೋಟಿ ಅಡವಿಟ್ಟು 200 ಕೋಟಿ ರೂಪಾಯಿ ಸಾಲ ತಂದಿದ್ದಾನೆ. ಅಡವಿನ ಷೇರಿನ ಬೆಲೆ 400 ಕೋಟಿ, ಸಾಲದ ಎರಡರಷ್ಟು. ಈ ಎರಡರಷ್ಟು ಯಾವಾಗಲೂ ಇರಬೇಕೆಂದು ಒಪ್ಪಂದದಲ್ಲಿ ಬರೆದಿದೆ.

ಷೇರು 140ಕ್ಕೆ ಇಳಿಯಿತೆನ್ನಿ. ಅಡವಿನ ಬೆಲೆ 280 ಕೋಟಿಯಾಯಿತು, 120 ಕೋಟಿ ಕಡಿಮೆ ಬಿತ್ತು. ಪ್ರವರ್ತಕ ನಗದು ತರಬೇಕು, ಇಲ್ಲವೇ ಇನ್ನೂ ಸುಮಾರು 86 ಲಕ್ಷ ಷೇರು ಅಡವಿಡಬೇಕು. ಕೈಯಲ್ಲಿ ನಗದಿದ್ದಿದ್ದರೆ ಅವನು ಷೇರು ಅಡವಿಡುತ್ತಲೇ ಇರಲಿಲ್ಲ, ಹಾಗಾಗಿ ಷೇರೇ ಹೋಗುತ್ತದೆ. ಬೆಲೆ 100ಕ್ಕೆ ಬಂದರೆ 4 ಕೋಟಿ ಷೇರು ಅಡವಿನಲ್ಲಿರಬೇಕಾಗುತ್ತದೆ. 80ಕ್ಕೆ ಬಂದರೆ 5 ಕೋಟಿಯೂ. ಈ ಅವಧಿಯಲ್ಲಿ ಅವನು ಹೊಸದಾಗಿ ಒಂದು ರೂಪಾಯಿ ಸಾಲವನ್ನೂ ಮಾಡಿಲ್ಲ. ಆದರೂ ಅಡವಿನ ಪ್ರಮಾಣ ಅವನ ಪಾಲಿನ ಶೇ 40ರಿಂದ ಶೇ 100ಕ್ಕೆ ಏರಿತು. ಬೆಲೆ 79 ಆದ ದಿನ ಕೊಡಲು ಅವನ ಬಳಿ ಏನೂ ಇಲ್ಲ, ಸಾಲದಾತ ಅಡವು ಚಲಾಯಿಸಬಹುದು.

ತ್ರೈಮಾಸಿಕ ಪಟ್ಟಿಗಳಲ್ಲಿ ಅಡವಿನ ಶೇಕಡಾವಾರು ಒಂದೇ ಸಮನೆ ಏರುತ್ತಿದ್ದು, ಅದೇ ಅವಧಿಯಲ್ಲಿ ಷೇರು ಬೆಲೆ ಇಳಿಯುತ್ತಿದ್ದರೆ, ಪ್ರವರ್ತಕ ಹೊಸ ಯೋಜನೆಗೆ ಸಾಲ ತರುತ್ತಿದ್ದಾನೆ ಎಂದು ತಿಳಿಯುವುದಕ್ಕಿಂತ ಹಳೆಯ ಸಾಲಕ್ಕೆ ಷೇರು ತುಂಬುತ್ತಿದ್ದಾನೆ ಎಂದು ತಿಳಿಯುವುದು ಮೇಲು. ಅಡವಿನ ಬಗ್ಗೆ ಬರೆಯುವ ಬಹುತೇಕ ವಿಶ್ಲೇಷಕರು ಇಷ್ಟು ಶೇಕಡಾ ದಾಟಿದರೆ ಅಪಾಯ ಎಂದು ಒಂದು ಗೆರೆ ಎಳೆಯುತ್ತಾರೆ. ನನಗೆ ಆ ಗೆರೆಗಿಂತ ದಿಕ್ಕು ಮುಖ್ಯವಾಗಿ ಕಾಣುತ್ತದೆ.

ಅಡವು ಚಲಾಯಿಸಿದ ಮೇಲೆ ಸಾಲದಾತ ಏನು ಮಾಡುತ್ತಾನೆ ಎಂಬುದರ ಮೇಲೆ ಕಂಪನಿಯ ಹಿಡಿತ ಯಾರಿಗೆ ಹೋಗುತ್ತದೆ ಎಂಬುದು ನಿಲ್ಲುತ್ತದೆ. ಪೇಟೆಯಲ್ಲಿ ಚಿಲ್ಲರೆಯಾಗಿ ಮಾರಿದರೆ ಷೇರು ಸಾವಿರಾರು ಜನರ ಕೈಗೆ ಚದುರುತ್ತದೆ. ಪ್ರವರ್ತಕ ದುರ್ಬಲನಾಗುತ್ತಾನೆ, ಆದರೆ ಅವನ ಜಾಗಕ್ಕೆ ಬರುವಷ್ಟು ದೊಡ್ಡವರು ಯಾರೂ ಹುಟ್ಟುವುದಿಲ್ಲ. ಜೊತೆಗೆ ಬೆಲೆ ಇನ್ನಷ್ಟು ಕುಸಿಯುತ್ತದೆ. 2019ರ ಜನವರಿಯಲ್ಲಿ ಇದೇ ಎಸೆಲ್ ಸಮೂಹದ ಜೀ ಎಂಟರ್‌ಟೈನ್‌ಮೆಂಟ್ ಷೇರು ಒಂದೇ ದಿನ ಕಾಲು ಭಾಗಕ್ಕಿಂತ ಹೆಚ್ಚು ಬಿದ್ದಾಗ ಸಾಲದಾತರು ಸಭೆ ಸೇರಿ, ಸೆಪ್ಟೆಂಬರ್ ಕೊನೆಯವರೆಗೆ ಅಡವಿನ ಷೇರು ಮಾರುವುದಿಲ್ಲ ಎಂದು ಒಪ್ಪಿಕೊಂಡದ್ದು ಇದೇ ಭಯದಿಂದ. ಎಲ್ಲರೂ ಒಟ್ಟಿಗೆ ಬಾಗಿಲಿಗೆ ಓಡಿದರೆ ಯಾರಿಗೂ ದುಡ್ಡು ಸಿಗದು. ಆ ಅವಕಾಶದಲ್ಲಿ ಪ್ರವರ್ತಕರೇ ಷೇರು ಮಾರಿ ಸಾಲ ಕಟ್ಟಿದರು, ವರ್ಷ ಕಳೆಯುವಷ್ಟರಲ್ಲಿ ಜೀಯಲ್ಲಿ ಅವರ ಪಾಲು ಶೇ 5ರ ಆಸುಪಾಸಿಗೆ ಇಳಿಯಿತು.

ಸಾಲದಾತ ಮಾರದೆ ಇಟ್ಟುಕೊಂಡರೆ ಕಥೆ ಬೇರೆ. ಡಿಶ್ ಟಿವಿ ಷೇರು ಯೆಸ್ ಬ್ಯಾಂಕಿನ ಹೆಸರಿಗೆ ಬಂದಾಗ ಹತ್ತು ರೂಪಾಯಿಗೂ ಕೆಳಗಿತ್ತು. 44.5 ಕೋಟಿ ಷೇರನ್ನು ಪೇಟೆಗೆ ಸುರಿದರೆ ಆ ಬೆಲೆಯೂ ನಿಲ್ಲುತ್ತಿರಲಿಲ್ಲ. ಆಡಳಿತವನ್ನು ಸರಿಪಡಿಸಿ, ಇಡೀ ಪಾಲನ್ನು ಒಬ್ಬ ದೊಡ್ಡ ಖರೀದಿದಾರನಿಗೆ ಒಟ್ಟಾಗಿ ಮಾರಿದರೆ ಮಾತ್ರ ಸಾಲದ ಒಂದಿಷ್ಟು ಭಾಗ ವಾಪಸ್ ಬಂದೀತು. ಯೆಸ್ ಬ್ಯಾಂಕೂ ಆಗ ಹಳೆಯ ಬ್ಯಾಂಕಾಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ಅದೇ ಮುಳುಗಲಿದ್ದು, ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಸ್ಟೇಟ್ ಬ್ಯಾಂಕಿನ ನೇತೃತ್ವದಲ್ಲಿ ಹೊಸ ಬಂಡವಾಳ ಬಂದು, ಹೊಸ ಆಡಳಿತ ಕೂತಿತ್ತು. ಹಳೆಯ ಸಂಬಂಧಗಳ ಹಂಗು ಇವರಿಗಿರಲಿಲ್ಲ.

ಇಲ್ಲಿ ಒಂದು ನಿಯಮ ಬ್ಯಾಂಕುಗಳ ಪರವಾಗಿದೆ. ಸಾಮಾನ್ಯವಾಗಿ ಯಾರಾದರೂ ಪಟ್ಟಿಯಾದ ಕಂಪನಿಯ ಶೇ 25 ಅಥವಾ ಹೆಚ್ಚು ಪಾಲು ಪಡೆದರೆ ಉಳಿದ ಷೇರುದಾರರಿಗೆ ಮುಕ್ತ ಖರೀದಿ ಕೊಡುಗೆ, ಅಂದರೆ ಓಪನ್ ಆಫರ್, ಕೊಡಬೇಕು. ಹಿಡಿತ ಬದಲಾಗುವಾಗ ಸಣ್ಣ ಷೇರುದಾರರಿಗೆ ಹೊರಹೋಗುವ ಬಾಗಿಲು ತೆರೆದಿರಲಿ ಎಂಬುದು ಅದರ ಉದ್ದೇಶ. ಸಾಲದ ಅಡವು ಚಲಾಯಿಸಿ ಪಾಲು ಪಡೆಯುವ ಶೆಡ್ಯೂಲ್ಡ್ ವಾಣಿಜ್ಯ ಬ್ಯಾಂಕಿಗೆ ಸೆಬಿಯ 2011ರ ಸ್ವಾಧೀನ ನಿಯಮಗಳು ಇದರಿಂದ ವಿನಾಯಿತಿ ಕೊಟ್ಟಿವೆ. ಬ್ಯಾಂಕು ಕಂಪನಿ ನಡೆಸಲು ಬಂದದ್ದಲ್ಲ, ಬಾಕಿ ವಸೂಲಿಗೆ ಬಂದದ್ದು ಎಂಬ ತರ್ಕ. ತರ್ಕ ಸರಿ, ಆದರೆ ಫಲ ಸಣ್ಣ ಷೇರುದಾರನಿಗೆ ವಿಚಿತ್ರ: ಕಂಪನಿಯ ಅತಿ ದೊಡ್ಡ ಮತದಾರ ಬದಲಾಗುತ್ತಾನೆ, ಅವನಿಗೆ ಮಾತ್ರ ಹೊರಹೋಗುವ ಕೊಡುಗೆ ಬರುವುದಿಲ್ಲ. ಬ್ಯಾಂಕು ಮುಂದೆ ಆ ಪಾಲನ್ನು ಇನ್ನೊಬ್ಬರಿಗೆ ಮಾರಿ, ಕೊಂಡವರು ಶೇ 25 ಮುಟ್ಟಿದರೆ ಆಗ ಕೊಡುಗೆಯ ಪ್ರಶ್ನೆ ಏಳುತ್ತದೆ. ಬ್ಯಾಂಕಿಗೂ ಮಿತಿಯಿಲ್ಲವೆಂದಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಪ್ರಕಾರ ಯಾವ ಬ್ಯಾಂಕೂ ಒಂದು ಕಂಪನಿಯ ಶೇ 30ಕ್ಕಿಂತ ಹೆಚ್ಚು ಷೇರನ್ನು ಅಡವಾಗಿಯೂ ಸ್ವಂತವಾಗಿಯೂ ಹಿಡಿದಿರುವಂತಿಲ್ಲ.

ಶೇ 25ರಿಂದ ಕಂಪನಿ ಹೇಗೆ ಕೈವಶವಾಗುತ್ತದೆ, ಬಹುಮತಕ್ಕೆ ಅರ್ಧ ಬೇಡವೇ ಎಂದು ಕೇಳಬಹುದು. ಅರ್ಧ ಬೇಕಾದ್ದು ಚಲಾಯಿತ ಮತಗಳಲ್ಲಿ. ನೂರರಲ್ಲಿ ಅರವತ್ತು ಷೇರಿನ ಮಾಲೀಕರಷ್ಟೇ ಮತ ಹಾಕಿದರೆ ಗೆಲ್ಲಲು ಮೂವತ್ತೊಂದು ಸಾಕು. ಬ್ಯಾಂಕಿನ ಬಳಿ ಇಪ್ಪತ್ತೈದು ಆಗಲೇ ಇದೆ. ಅಸಮಾಧಾನಗೊಂಡ ಒಂದೆರಡು ನಿಧಿಗಳು ಜೊತೆಗೂಡಿದರೆ ಕೆಲಸವಾಯಿತು. ವಿಶೇಷ ನಿರ್ಣಯಕ್ಕೆ ವಿರೋಧದ ಮೂರರಷ್ಟು ಮತ ಪರವಾಗಿ ಬೇಕಾದ್ದರಿಂದ ಅದನ್ನು ತಡೆಯಲು ಬ್ಯಾಂಕ್ ಒಬ್ಬರೇ ಸಾಕು. ಇನ್ನು ಶೇ 10ರಷ್ಟು ಮತದ ಷೇರಿರುವವರು ಅಸಾಮಾನ್ಯ ಸಭೆ ಕರೆಯಿರಿ ಎಂದು ಮಂಡಳಿಯನ್ನು ಕೇಳುವ ಹಕ್ಕನ್ನು ಕಂಪನಿ ಕಾಯ್ದೆಯೇ ಕೊಟ್ಟಿದೆ.

ಯೆಸ್ ಬ್ಯಾಂಕ್ ಆ ಹಕ್ಕನ್ನೇ ಬಳಸಿತು. 2021ರಲ್ಲಿ ಡಿಶ್ ಟಿವಿ 1,000 ಕೋಟಿ ರೂಪಾಯಿಯವರೆಗಿನ ಹಕ್ಕಿನ ಷೇರು ನೀಡಿಕೆಗೆ ಹೊರಟಿತ್ತು. ಇದು ತನ್ನ ಪಾಲನ್ನು ತೆಳುವಾಗಿಸುವ ಉಪಾಯ ಎಂಬುದು ಬ್ಯಾಂಕಿನ ಆಕ್ಷೇಪ. ಆ ಸೆಪ್ಟೆಂಬರ್‌ನಲ್ಲಿ ಅದು ಸುಭಾಷ್ ಚಂದ್ರ ಅವರ ಸಹೋದರ, ವ್ಯವಸ್ಥಾಪಕ ನಿರ್ದೇಶಕ ಜವಾಹರ್ ಗೋಯಲ್ ಅವರನ್ನೂ ಇತರ ನಿರ್ದೇಶಕರನ್ನೂ ಇಳಿಸಿ ಹೊಸಬರನ್ನು ಕೂರಿಸಲು ಸಭೆ ಕರೆಯುವಂತೆ ಬರೆಯಿತು. ಮಂಡಳಿ ಒಪ್ಪಲಿಲ್ಲ. ಬ್ಯಾಂಕ್ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಯಿತು. ವಾರ್ಷಿಕ ಸಭೆ ಮುಂದಕ್ಕೆ ಹೋಗುತ್ತಲೇ ಇತ್ತು.

ನವೆಂಬರ್‌ನಲ್ಲಿ ಯಾರೂ ಎಣಿಸದ ತಿರುವು ಬಂತು. ಸುಭಾಷ್ ಚಂದ್ರ ಅವರ ದೂರಿನ ಮೇಲೆ ತನಿಖೆ ನಡೆಸುತ್ತಿದ್ದ ಉತ್ತರ ಪ್ರದೇಶದ ಪೊಲೀಸರು, ಬ್ಯಾಂಕಿನ ಖಾತೆಯಲ್ಲಿದ್ದ ಡಿಶ್ ಟಿವಿ ಷೇರುಗಳನ್ನು ತಡೆಹಿಡಿಯುವಂತೆ ಡಿಪಾಸಿಟರಿಗೆ ನೋಟಿಸು ಕೊಟ್ಟರು. ಬ್ಯಾಂಕಿನ ಮತದ ಹಕ್ಕು ನಿಂತಿತು. ಕಂಪನಿಯ ಹಿಡಿತದ ಜಗಳಕ್ಕೆ ಕ್ರಿಮಿನಲ್ ಸಂಹಿತೆಯ ಜಪ್ತಿಯ ಅಧಿಕಾರ ಬಳಕೆಯಾದದ್ದನ್ನು ಕಂಡು ವಕೀಲರೇ ಬೆರಗಾದರು. ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಆ ನೋಟಿಸಿಗೆ ತಡೆ ಕೊಟ್ಟಿತು. ಒಂದು ತಿಂಗಳಿಗೆ ಮಹಾಸಭೆ ನಡೆದು ಮೂರು ನಿರ್ಣಯಗಳೂ ಸೋತವು.

ಈ ನಡುವೆ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಬೇರೊಂದು ಪ್ರಕರಣದಲ್ಲಿ ಅಡವಿನ ಮೂಲ ಪ್ರಶ್ನೆಯನ್ನೇ ಬಿಡಿಸಿತು. ಪಿಟಿಸಿ ಇಂಡಿಯಾ ಫೈನಾನ್ಶಿಯಲ್ ಸರ್ವಿಸಸ್ ಎಂಬ ಸಾಲದಾತ ಕಂಪನಿ ಅಡವಿನ ಷೇರುಗಳನ್ನು ಚಲಾಯಿಸಿ ತನ್ನ ಹೆಸರಿಗೆ ದಾಖಲಿಸಿಕೊಂಡಿತ್ತು. ಷೇರು ನಿಮ್ಮದಾಯಿತಲ್ಲ, ಅಷ್ಟರಮಟ್ಟಿಗೆ ಸಾಲ ತೀರಿತು ಎಂದು ಅಡವಿಟ್ಟವರು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಡಿಪಾಸಿಟರಿಯ ದಾಖಲೆಯಲ್ಲಿ ಹೆಸರು ಬದಲಾಗುವುದು ಮಾರಾಟವಲ್ಲ, ಮಾರಾಟಕ್ಕೆ ಮೊದಲಿನ ಒಂದು ಹೆಜ್ಜೆ ಮಾತ್ರ. 1872ರ ಕರಾರು ಕಾಯ್ದೆಯ ಪ್ರಕಾರ ಅಡವು ಹಿಡಿದವನು ತನಗೆ ತಾನೇ ಮಾರಿಕೊಳ್ಳಲಾರ. ಮಾರುವ ಮುನ್ನ ಸಮಂಜಸವಾದ ನೋಟಿಸು ಕೊಡಬೇಕು. ಮೂರನೆಯವರಿಗೆ ನಿಜವಾಗಿ ಮಾರುವವರೆಗೂ ಸಾಲ ಕಟ್ಟಿ ಷೇರು ಬಿಡಿಸಿಕೊಳ್ಳುವ ಹಕ್ಕು ಅಡವಿಟ್ಟವನಿಗೆ ಇದ್ದೇ ಇರುತ್ತದೆ.

ಈ ತೀರ್ಪು ಎಸೆಲ್ ಪಾಳಯಕ್ಕೆ ಒಂದು ಆಯುಧ ಕೊಟ್ಟಂತಾಯಿತು. ಡಿಶ್ ಟಿವಿ ಷೇರು ಅಡವಿಟ್ಟಿದ್ದ ವರ್ಲ್ಡ್ ಕ್ರೆಸ್ಟ್ ಅಡ್ವೈಸರ್ಸ್ ಬಾಂಬೆ ಹೈಕೋರ್ಟಿನಲ್ಲಿ, ಮಾರಾಟ ಆಗಿಲ್ಲವೆಂದ ಮೇಲೆ ಮಾಲೀಕರು ನಾವೇ, ಬ್ಯಾಂಕ್ ಹೇಗೆ ಮತ ಹಾಕುತ್ತದೆ ಎಂದು ಕೇಳಿತು. ಪ್ರಶ್ನೆ ಪೊಳ್ಳಲ್ಲ. ಮಾರದೆ ಕೈಯಲ್ಲಿಟ್ಟುಕೊಂಡ ಸಾಲದಾತ ಪೂರ್ತಿ ಮಾಲೀಕನೂ ಅಲ್ಲ, ಬರೀ ಸಾಲದಾತನೂ ಅಲ್ಲ. ಆ ನಡುವಿನ ಸ್ಥಿತಿಯಲ್ಲಿ ಕಂಪನಿಯ ಮತ ಯಾರದು? ಆ ಜೂನ್‌ನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಮಧ್ಯಂತರ ತಡೆ ಕೊಡಲು ನಿರಾಕರಿಸಿತು. ಡಿಪಾಸಿಟರಿಯಲ್ಲಿ ಫಲಾನುಭವಿ ಮಾಲೀಕನೆಂದು ದಾಖಲಾದವನಿಗೆ ಮತದ ಹಕ್ಕಿದೆ ಎಂಬ ನಿಲುವು ಅದರದ್ದು. ಅಂದರೆ ಬಿಡಿಸಿಕೊಳ್ಳುವ ಹಕ್ಕು ಪ್ರವರ್ತಕನಲ್ಲಿ ಉಳಿದಿದ್ದರೂ, ಬಿಡಿಸಿಕೊಳ್ಳುವ ದಿನದವರೆಗೆ ಕೈ ಎತ್ತುವವನು ಬ್ಯಾಂಕಿನವನು. ಸಾಲ ಕಟ್ಟಲಾಗದ್ದರಿಂದಲೇ ಷೇರು ಹೋದ ಪ್ರವರ್ತಕನಿಗೆ ಬಿಡಿಸಿಕೊಳ್ಳುವ ಹಕ್ಕಿನಿಂದ ಎಷ್ಟು ಉಪಯೋಗ ಎಂಬುದು ಬೇರೆ ಮಾತು.

2022ರ ಜೂನ್ 24ರ ಅಸಾಮಾನ್ಯ ಸಭೆಯಲ್ಲಿ ಷೇರುದಾರರು ಜವಾಹರ್ ಗೋಯಲ್ ಅವರನ್ನು ವ್ಯವಸ್ಥಾಪಕ ನಿರ್ದೇಶಕರಾಗಿ ಮತ್ತೆ ನೇಮಿಸಲು ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರು ಮಂಡಳಿಯಿಂದ ಹೊರಬಂದರು. ಆದರೆ ಯೆಸ್ ಬ್ಯಾಂಕ್ ಗೆದ್ದಿತು ಎನ್ನುವುದೂ ಕಷ್ಟ. ಆ ಡಿಸೆಂಬರ್‌ನಲ್ಲಿ ಅದು ಸುಮಾರು 48,000 ಕೋಟಿ ರೂಪಾಯಿಯ ವಸೂಲಾಗದ ಸಾಲದ ಗಂಟನ್ನು ಜೆ.ಸಿ. ಫ್ಲವರ್ಸ್ ಆಸ್ತಿ ಪುನರ್‌ರಚನಾ ಕಂಪನಿಗೆ ಒಪ್ಪಿಸಿತು. ಡಿಶ್ ಟಿವಿ ಷೇರುಗಳೂ ಅದರೊಂದಿಗೆ ಹೋದವು. ಆಮೇಲೂ ಮಂಡಳಿ ಸೂಚಿಸಿದ ನಿರ್ದೇಶಕರ ಹೆಸರುಗಳನ್ನು ಷೇರುದಾರರು ತಿರಸ್ಕರಿಸಿದ್ದುಂಟು. ಹಿಡಿತ ಹಳಬರ ಕೈಯಿಂದ ಜಾರಿತು, ಹೊಸಬರ ಕೈಗೆ ಭದ್ರವಾಗಿ ಸಿಗಲಿಲ್ಲ. ಅಡವಿನಿಂದ ಹಿಡಿತ ‘ಬದಲಾಗುತ್ತದೆ’ ಎಂದು ಹೇಳುವವರು ಈ ಮಧ್ಯದ ಅನಾಥ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಕಂಪನಿಗೆ ಹೆಚ್ಚು ಏಟು ಬೀಳುವುದು ಆ ಅವಧಿಯಲ್ಲೇ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆಸ್ಪತ್ರೆಯಿರುವ ಫೋರ್ಟಿಸ್ ಹೆಲ್ತ್‌ಕೇರ್‌ನಲ್ಲಿ ಆ ಅವಧಿ ಬೇಗ ಮುಗಿಯಿತು. 2018ರ ಫೆಬ್ರುವರಿಯಲ್ಲಿ ಸಿಂಗ್ ಸಹೋದರರು ಮಂಡಳಿ ಬಿಟ್ಟರು, ಅಡವಿನ ಷೇರುಗಳು ಸಾಲದಾತರಿಗೆ ಹೋಗಿ ಯೆಸ್ ಬ್ಯಾಂಕಿನ ಪಾಲು ಶೇ 17 ದಾಟಿತು, ಪ್ರವರ್ತಕರ ಪಾಲು ಶೇ 1ಕ್ಕಿಂತಲೂ ಕೆಳಗೆ ಬಂತು. ಅಲ್ಲಿ ಕೊಳ್ಳಲು ಸಾಲುಗಟ್ಟಿ ನಿಂತವರಿದ್ದರು. ವರ್ಷ ಮುಗಿಯುವ ಮುನ್ನ ಮಲೇಷ್ಯಾದ ಐಎಚ್‌ಎಚ್ ಹೆಲ್ತ್‌ಕೇರ್ 4,000 ಕೋಟಿ ರೂಪಾಯಿ ಹಾಕಿ ಶೇ 31ರಷ್ಟು ಪಾಲು ಪಡೆಯಿತು. ಪ್ರವರ್ತಕರು ಬಲವಾಗಿ ಸೆಣಸುವ ಸ್ಥಿತಿಯಲ್ಲಿರಲಿಲ್ಲ, ಉದ್ಯಮಕ್ಕೆ ಗಿರಾಕಿಗಳಿದ್ದರು. ಡಿಶ್ ಟಿವಿಯಲ್ಲಿ ಎರಡೂ ಉಲ್ಟಾ ಆಗಿತ್ತು.

ಈಗ ಪ್ರಕಟಣೆಗೆ ಮರಳಿದರೆ, ಅದರಲ್ಲಿ ಓದಲು ಸಿಗುವುದು ಮೊದಲಿಗಿಂತ ಹೆಚ್ಚು. 2019ರ ಅಕ್ಟೋಬರ್‌ನಿಂದ ಪ್ರವರ್ತಕರ ಪಾಲಿನ ಶೇ 50 ಅಥವಾ ಕಂಪನಿಯ ಒಟ್ಟು ಷೇರಿನ ಶೇ 20 ಅಡವಾದರೆ ಅದಕ್ಕೆ ಕಾರಣವನ್ನು ವಿವರವಾಗಿ ತಿಳಿಸಬೇಕು. ಸಾಲ ಕೊಟ್ಟವರು ಯಾರು, ಮೊತ್ತ ಎಷ್ಟು, ಅಡವಿನ ಬೆಲೆಗೂ ಸಾಲಕ್ಕೂ ಅನುಪಾತ ಎಷ್ಟು, ಹಣ ಪ್ರವರ್ತಕರ ಸ್ವಂತಕ್ಕೋ ಕಂಪನಿಗೋ ಎಂಬುದೆಲ್ಲ ಅಲ್ಲಿರುತ್ತದೆ. ಮೇಲಿನ ಕಲ್ಪಿತ ಲೆಕ್ಕದಲ್ಲಿ ಎರಡರಷ್ಟು ಎಂದೆನಲ್ಲ, ಆ ಅನುಪಾತ ನಿಜವಾಗಿ ಸಿಗುವ ಜಾಗ ಇದೇ. ಅನುಪಾತ ಒಂದೂವರೆಗೆ ಹತ್ತಿರವಿದ್ದರೆ ಷೇರು ಎಷ್ಟು ಬಿದ್ದರೆ ತೊಂದರೆ ಎಂದು ಬೆರಳೆಣಿಕೆಯಲ್ಲಿ ಹೇಳಬಹುದು. ಸಾಲದಾತ ಬ್ಯಾಂಕೋ, ಬ್ಯಾಂಕೇತರ ಕಂಪನಿಯೋ, ಡೆಬೆಂಚರ್ ಟ್ರಸ್ಟಿಯೋ ಎಂಬುದನ್ನೂ ಗಮನಿಸಬೇಕು. ಮ್ಯೂಚುವಲ್ ಫಂಡುಗಳು ಕೊಟ್ಟ ಹಣವಾದರೆ ಅವರ ಹೂಡಿಕೆದಾರರು ಯಾವ ದಿನ ಬೇಕಾದರೂ ವಾಪಸ್ ಕೇಳಬಹುದು, ಕಾಯುವ ತಾಳ್ಮೆ ಅವರಿಗೆ ಕಡಿಮೆ.

‘ಅಡವು’ ಎಂಬ ಹೆಸರಿಲ್ಲದೆಯೂ ಅಡವಿಡಬಹುದು ಎಂಬುದು ಇನ್ನೊಂದು ತೊಡಕು. ಷೇರನ್ನು ಮಾರುವುದಿಲ್ಲ ಎಂದು ಸಾಲದಾತನಿಗೆ ಬರೆದುಕೊಡುವುದು ಒಂದು ದಾರಿ. ಪಟ್ಟಿಯಾದ ಕಂಪನಿಯ ಷೇರು ಬಿಟ್ಟು, ಅದನ್ನು ಹಿಡಿದಿರುವ ಖಾಸಗಿ ಕಂಪನಿಯ ಷೇರನ್ನು ಒತ್ತೆ ಇಡುವುದು ಇನ್ನೊಂದು. 2022ರ ಆಗಸ್ಟ್‌ನಲ್ಲಿ ಎನ್‌ಡಿಟಿವಿಯಲ್ಲಿ ಆದದ್ದು ಇದರ ಹತ್ತಿರದ ನೆಂಟ. ಪ್ರಣಯ್ ಮತ್ತು ರಾಧಿಕಾ ರಾಯ್ ಅವರ ಖಾಸಗಿ ಕಂಪನಿ ಆರ್‌ಆರ್‌ಪಿಆರ್ ಹೋಲ್ಡಿಂಗ್ ಹಲವು ವರ್ಷ ಹಿಂದೆ ಸಾಲ ಪಡೆದಾಗ ವಾರಂಟ್‌ಗಳನ್ನು ಬರೆದುಕೊಟ್ಟಿತ್ತು. ಅದಾನಿ ಸಮೂಹ ಆ ಸಾಲದಾತ ಕಂಪನಿಯನ್ನೇ ಕೊಂಡು, ವಾರಂಟ್‌ಗಳನ್ನು ಷೇರಾಗಿ ಬದಲಿಸಿ, ಆರ್‌ಆರ್‌ಪಿಆರ್ ಮೂಲಕ ಎನ್‌ಡಿಟಿವಿಯ ಶೇ 29.18ರ ಪಾಲಿಗೆ ಕೈಹಾಕಿತು. ಅಲ್ಲಿ ಅಡವೆಂಬ ಪದವೇ ಇರಲಿಲ್ಲ. 2019ರ ತಿದ್ದುಪಡಿಯಲ್ಲಿ ಸೆಬಿ, ಷೇರಿನ ಮುಕ್ತ ಮಾರಾಟಕ್ಕೆ ನೇರವಾಗಿಯೋ ಪರೋಕ್ಷವಾಗಿಯೋ ಅಡ್ಡಬರುವ ಯಾವ ಕರಾರೂ ಪ್ರಕಟಣೆಗೆ ಬರಬೇಕೆಂದು ವ್ಯಾಖ್ಯೆಯನ್ನು ಹಿಗ್ಗಿಸಿತು. ಇದಲ್ಲದೆ ಬೇರೆ ಯಾವ ಋಣಭಾರವೂ ಇಲ್ಲವೆಂದು ಪ್ರವರ್ತಕರು ವರ್ಷಕ್ಕೊಮ್ಮೆ ಲೆಕ್ಕಪರಿಶೋಧನಾ ಸಮಿತಿಗೂ ವಿನಿಮಯ ಕೇಂದ್ರಕ್ಕೂ ಘೋಷಿಸಬೇಕು. ತ್ರೈಮಾಸಿಕ ಪಟ್ಟಿಯಲ್ಲಿ ಅಡವಿನ ಅಂಕಣ ಸೊನ್ನೆಯಿದ್ದು, ಪ್ರವರ್ತಕರ ಪಾಲೆಲ್ಲ ಒಂದೇ ಖಾಸಗಿ ಹೋಲ್ಡಿಂಗ್ ಕಂಪನಿಯಲ್ಲಿ ಕೂತಿದ್ದರೆ, ಆ ಕಂಪನಿಯ ಸಾಲದ ವಿವರವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ತೆಗೆದು ನೋಡಬಹುದು.